ಕಾರ್ ಚಾರ್ಜರ್ ಪ್ಲಗ್ ಬಿಸಿಯಾಗುತ್ತಿದೆಯಾ? ಸಾಕೆಟ್ ಹೀಗೆ ಪರೀಕ್ಷಿಸಿ

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಪ್ಲಗ್ ಸಾಕೆಟ್ ಬಿಟ್ಟು ಬರಲೇ ಇಲ್ಲ. ಕರೆಂಟ್ ತೆಗೆದು, ಅಲುಗಾಡಿಸಿ ಎಳೆದೆ. ಬಲಗಡೆ ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಆದರೂ ಎಂಸಿಬಿ ಟ್ರಿಪ್ ಆಗಿರಲಿಲ್ಲ.

ಆಗುವ ಕಾರಣವೂ ಇರಲಿಲ್ಲ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು. ಸಾಕೆಟ್ 16 ಆಂಪಿಯರ್‌ನದು, ಚಾರ್ಜರ್ ಎಳೆಯುತ್ತಿದ್ದದ್ದು 14. ಲೆಕ್ಕ ಸರಿಯೇ ಇತ್ತು. ತೊಂದರೆ ಇದ್ದದ್ದು ಪಿನ್ ಹೋಗಿ ಕೂರುವ ಹಿತ್ತಾಳೆ ಕ್ಲಿಪ್‌ನಲ್ಲಿ. ಅದೇ ಸಾಕೆಟ್‌ನಲ್ಲಿ ವರ್ಷಗಟ್ಟಲೆ ಗೀಸರ್ ಓಡಿತ್ತಲ್ವಾ ಅನ್ನಬಹುದು. 2000 ವಾಟ್ ಗೀಸರ್‌ಗೆ 9 ಆಂಪಿಯರ್ ಸಾಕು, ನೀರು ಕಾದರೆ ತಾನೇ ನಿಲ್ಲುತ್ತದೆ. ಕಾರು ಹಾಗಲ್ಲ, ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ.

ಕ್ಲಿಪ್ ಸಡಿಲವಾಗಿ ಅಲ್ಲಿ ಬರೀ 0.1 ಓಮ್ ತಡೆ ಇದೆ ಅಂದುಕೊಳ್ಳಿ. 14 ಆಂಪಿಯರ್ ಹರಿದರೆ 14 × 14 × 0.1, ಅಂದರೆ ಸುಮಾರು 20 ವಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್ ಒಳಗೆ ಇಟ್ಟ ಹಾಗೆ! 10 ಆಂಪಿಯರ್‌ಗೆ ಇಳಿಸಿದರೆ ಅದೇ ಜಾಗದಲ್ಲಿ 10 ವಾಟ್ ಮಾತ್ರ.

ಮೊದಲು ಸಾಕೆಟ್ ಮೇಲೆ 16A ಎಂದು ಇದೆಯೇ ನೋಡಿ. 6 ಆಂಪಿಯರ್ ಸಾಕೆಟ್‌ಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಚಾರ್ಜ್ ಮಾಡಲೇಬೇಡಿ. ಎಕ್ಸ್‌ಟೆನ್ಷನ್ ಬೋರ್ಡೂ ಬೇಡ.

ನಂತರ ಚಾರ್ಜ್‌ಗೆ ಹಾಕಿ ಅರ್ಧ ಗಂಟೆಯಾದ ಮೇಲೆ ಒಮ್ಮೆ, ಒಂದು ಗಂಟೆಯಾದ ಮೇಲೆ ಇನ್ನೊಮ್ಮೆ ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಸುಟ್ಟ ವಾಸನೆ ಬಂದರೆ ಅಥವಾ ಬಣ್ಣ ಬದಲಾಗಿದ್ದರೆ ಮುಟ್ಟುವುದೂ ಬೇಡ, ಎಂಸಿಬಿಯಲ್ಲೇ ಆಫ್ ಮಾಡಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಚಾರ್ಜಿಂಗ್ ನಿಲ್ಲಿಸಿ. ಮೊದಲು ಕಾರಿನಲ್ಲಿ ನಿಲ್ಲಿಸಿ, ಆಮೇಲೆ ಸ್ವಿಚ್, ಕೊನೆಗೆ ಪ್ಲಗ್. ಕರೆಂಟ್ ಹರಿಯುವಾಗ ಎಳೆದರೆ ಕಿಡಿ ಹಾರಿ ಪಿನ್ ಇನ್ನಷ್ಟು ಹಾಳಾಗುತ್ತದೆ. ಸ್ವಿಚ್ಚನ್ನೂ ಮುಟ್ಟಿ ನೋಡಿ, ಎಷ್ಟೋ ಸಲ ಬಿಸಿಯಾಗುವುದು ಅದೇ.

ನಮ್ಮಲ್ಲಿ ಎಲೆಕ್ಟ್ರೀಷಿಯನ್ ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದರು. ವೈರ್ ಹಿಡಿದಿಡುವ ಟರ್ಮಿನಲ್ ಸ್ಕ್ರೂ ಕೂಡ ಬೆರಳಲ್ಲೇ ತಿರುಗಿತು. ವೈರಿನ ಅರ್ಧ ಎಳೆಗಳು ಹೊರಗೇ ಉಳಿದಿದ್ದವು. ಕಪ್ಪಾದ ವೈರಿನ ತುದಿ ಕತ್ತರಿಸಿ, ಹೊಸ ಸಾಕೆಟ್ ಹಾಕಿ, ಸ್ಕ್ರೂ ಬಿಗಿ ಮಾಡಿದರು. ಕರಗಿದ ಪ್ಲಗ್ಗನ್ನೂ ಬದಲಿಸಬೇಕಾಯಿತು. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಸುಡುತ್ತದೆ. ಬೋರ್ಡಿನಿಂದ ಬರುವ ವೈರ್ 4 ಚದರ ಮಿಲಿಮೀಟರ್ ತಾಮ್ರದ್ದಾಗಿದ್ದು, ಆ ಲೈನಿಗೆ ಬೇರೇನೂ ಸೇರದೆ ಇದ್ದರೆ ಒಳ್ಳೆಯದು.

ಈಗ ನಾನು ಚಾರ್ಜಿಂಗ್ ಕರೆಂಟನ್ನು 10 ಆಂಪಿಯರ್‌ಗೆ ಇಟ್ಟಿದ್ದೇನೆ. ಕೆಲವು ಕಾರುಗಳಲ್ಲಿ ಇದನ್ನು ಸ್ಕ್ರೀನ್‌ನಲ್ಲಿ ಬದಲಿಸಬಹುದು, ಕೆಲವು ಚಾರ್ಜರ್‌ಗಳ ಡಬ್ಬಿಯಲ್ಲೇ ಬಟನ್ ಇರುತ್ತದೆ. 16 ಯೂನಿಟ್ ಎಳೆಯಲು ಮೊದಲು 5 ಗಂಟೆ ಸಾಕಿತ್ತು, ಈಗ 7 ಬೇಕು. ರಾತ್ರಿ 10ಕ್ಕೆ ಹಾಕಿದರೆ ಬೆಳಗ್ಗೆ 5ಕ್ಕೆ ಮುಗಿದಿರುತ್ತದೆ.