ಮೂರು ತಿಂಗಳಿಗೆ ಹಳಸಿದ ಬೈಕಿನ ಖುಷಿಯನ್ನು ನಾನು ವಾಪಸ್ ತಂದದ್ದು

ಹೋದ ವರ್ಷ ಬೈಕಿನ ಕೀ ತೆಗೆದು ಭಾವನ ಕೈಗೆ ಕೊಟ್ಟು ಹತ್ತು ದಿನ ಸಿಟಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿದ್ದೆ. ಭಾವ ಎರಡು ಸಲ ಕೇಳಿದರು, "ಸಾಲ ಮಾಡಿ ತಗೊಂಡ ಗಾಡಿ ನಂಗೆ ಕೊಟ್ಟು ನೀನು ಬಸ್ಸಲ್ಲಿ ಹೋಗ್ತೀಯಾ? ಏನಾಗಿದೆ ನಿಂಗೆ?" ಹೆಂಡತಿಯೂ ನಂಬಲಿಲ್ಲ. ಈಗ ಒಂದೂಕಾಲು ವರ್ಷದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಉಪಾಯ ಕೆಲಸ ಮಾಡಿತು, ಅದಕ್ಕೇ ಬರೆಯುತ್ತಿದ್ದೇನೆ. ಹೆಡಾನಿಕ್ ಅಡಾಪ್ಟೇಶನ್ ಅಂದರೆ ಏನು, ಮನಸ್ಸು ಹೊಸದಕ್ಕೆ ಹೇಗೆ ಒಗ್ಗಿಹೋಗಿ ಅದರ ಖುಷಿ ಇಳಿಯುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ಇವತ್ತು ಎಷ್ಟು ಖುಷಿ ಅಂತ ದಿನಾ ಅಂಕ ಬರೆದಿಡುವ ಅಭ್ಯಾಸವೂ ನಿಮ್ಮಲ್ಲಿ ಹಲವರಿಗೆ ಇದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಬೈಕು 350 ಸಿಸಿಯದ್ದು. ಆನ್ ರೋಡ್ ಸುಮಾರು 2.4 ಲಕ್ಷ ಆಯಿತು. 65 ಸಾವಿರ ಕೈಯಿಂದ ಕಟ್ಟಿದೆ, ಉಳಿದದ್ದಕ್ಕೆ ತಿಂಗಳಿಗೆ ಐದೂವರೆ ಆರು ಸಾವಿರದ ಇಎಂಐ, ಮೂರು ವರ್ಷ. ಗಾಡಿ ಬರುವ ಎರಡು ವಾರ ಮುಂಚೆಯೇ ಹಳೆ ಸ್ಕೂಟರಿಗೆ ಅಂಕ ಹಾಕಲು ಶುರು ಮಾಡಿದ್ದೆ. ಇದು ಬಹಳ ಜನ ಮಾಡೋದಿಲ್ಲ. ಹೊಸದು ಬಂದ ಮೇಲೆ ಬರೆಯಲು ಕೂರುತ್ತಾರೆ, ಆಮೇಲೆ ಅಂಕ ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಹೇಳೋಕೆ ಬುಡವೇ ಇರೋದಿಲ್ಲ.

ನಾನು ದಿನಾ ರಾತ್ರಿ ಹತ್ತು ಅಂಕಕ್ಕೆ ಎಷ್ಟು ಅಂತ ಮೂರು ಅಂಕ ಬರೆಯುತ್ತಿದ್ದೆ. ಒಂದು, ಬೈಕು ಹೇಗಿದೆ. ಇನ್ನೊಂದು, ಇವತ್ತಿನ ಓಡಾಟ ಹೇಗಿತ್ತು. ಮೂರನೆಯದು ಸಂಜೆಯ ಕಾಫಿ. ಮೊದಲ ಎರಡು ಒಂದೇ ಅನ್ನಿಸುತ್ತದೆ, ಅಲ್ವಾ? ಒಂದೇ ಅಲ್ಲ. ಮೊದಲ ವಾರ ಎರಡಕ್ಕೂ 9 ಇತ್ತು. ಹನ್ನೆರಡನೇ ವಾರಕ್ಕೆ ಬೈಕಿಗೆ ಇನ್ನೂ 8, ಓಡಾಟಕ್ಕೆ 5. ಹಳೆ ಸ್ಕೂಟರಿನ ಓಡಾಟಕ್ಕೂ 5 ಇತ್ತು! ಯಾರಾದರೂ ಗಾಡಿ ಹೇಗಿದೆ ಅಂತ ಕೇಳಿದರೆ ನಾವು ಗಾಡಿಯನ್ನು ಕಣ್ಣ ಮುಂದೆ ತಂದುಕೊಂಡು ಉತ್ತರ ಕೊಡುತ್ತೇವೆ. ಓಡಿಸುವಾಗ ಮನಸ್ಸು ಗಾಡಿಯ ಮೇಲೆ ಇರೋದೇ ಇಲ್ಲ, ಹೊಂಡದ ಮೇಲೆ, ಶಿಫ್ಟಿನ ಮೇಲೆ, ಸಿಗ್ನಲ್ ಮೇಲೆ ಇರುತ್ತದೆ. ನಾರ್ಬರ್ಟ್ ಶ್ವಾರ್ಜ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಯವರು ಕಾರಿನ ವಿಷಯದಲ್ಲಿ ಇದನ್ನೇ ತೋರಿಸಿದ್ದಾರೆ. ಬರೀ ಮೊದಲ ಪ್ರಶ್ನೆ ಕೇಳಿಕೊಂಡಿದ್ದರೆ ನನ್ನ ಖುಷಿ ಗಟ್ಟಿಯಾಗಿದೆ ಅಂತಲೇ ನಂಬಿಕೊಂಡು ಇರುತ್ತಿದ್ದೆ.

ಕಾಫಿ ಯಾಕೆ ಅಂದರೆ, ಅದರಲ್ಲಿ ಹೊಸದೇನೂ ಇಲ್ಲ. ಜುಲೈ ಮಳೆಯಲ್ಲಿ ಓಡಾಟ 4ಕ್ಕೆ ಇಳಿದಾಗ ಕಾಫಿಯೂ ಇಳಿದಿತ್ತು. ಆಗ ಅದು ಒಗ್ಗಿಹೋಗಿದ್ದಲ್ಲ, ಒಟ್ಟಾರೆ ಮನಸ್ಸು ಸರಿ ಇರಲಿಲ್ಲ ಅಂತ ಗೊತ್ತಾಗುತ್ತದೆ. ಓಡಾಟ ಮಾತ್ರ ಇಳಿದು ಕಾಫಿ ಅಲ್ಲೇ ನಿಂತರೆ ಅದು ನಿಜವಾದ ಹಳಸುವಿಕೆ. ಇನ್ನೊಂದು ಸಂಗತಿ ನಾನು ನಿರೀಕ್ಷಿಸಿರಲಿಲ್ಲ. ಬೈಕು ಬಂದ ಮೊದಲ ತಿಂಗಳಲ್ಲಿ ಕಾಫಿಯ ಅಂಕ 6ರಿಂದ 5ಕ್ಕೆ ಇಳಿದಿತ್ತು. ಲಾಟರಿ ಗೆದ್ದವರ ಖುಷಿ ಅಳೆದ, ಮನೋವಿಜ್ಞಾನಿ ಬ್ರಿಕ್‌ಮನ್ ಮತ್ತು ಜೊತೆಯವರ 1978ರ ಅಧ್ಯಯನ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ನನಗೆ ಮುಖ್ಯ ಅನ್ನಿಸಿದ ಭಾಗ ಬೇರೆ. ಇಲಿನಾಯ್ ಲಾಟರಿಯಲ್ಲಿ ಗೆದ್ದವರು ಟಿವಿ ನೋಡೋದು, ಗೆಳೆಯರ ಜೊತೆ ಮಾತಾಡೋದು ಇಂಥ ಸಣ್ಣ ಖುಷಿಗಳಿಗೆ ಗೆಲ್ಲದವರಿಗಿಂತ ಕಡಿಮೆ ಅಂಕ ಕೊಟ್ಟರು. ಗೆದ್ದವರು ಬರೀ 22 ಜನ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೂ ನನ್ನ ಕಾಫಿಯ ಕಾಲಂ ನೋಡಿದಾಗ ಅದೇ ನೆನಪಾಯಿತು.

ಈಗ ದುಡ್ಡು ಕಳೆದುಕೊಂಡ ಕಥೆ. ಖುಷಿ ಇಳಿಯುತ್ತಿದ್ದಂತೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಗಾಡಿಗೆ ಒಂದೊಂದೇ ಸಾಮಾನು ಹಾಕಿಸಿದೆ. ಹೊಸ ಸೀಟು, ಕ್ರ್ಯಾಶ್ ಗಾರ್ಡ್, ಫಾಗ್ ಲೈಟು, ಪಕ್ಕದ ಬ್ಯಾಗು. ನೆನಪಿನ ಪ್ರಕಾರ ಒಟ್ಟು 31 ಸಾವಿರ. ಸೀಟಿನಿಂದ ಓಡಾಟದ ಅಂಕ 7ಕ್ಕೆ ಏರಿ ಒಂಬತ್ತು ದಿನ ನಿಂತಿತು. ಲೈಟಿನಿಂದ ಐದು ದಿನ. ಬ್ಯಾಗಿನಿಂದ ಏನೂ ಆಗಲಿಲ್ಲ. ಒಂದು ಹಾಕಿಸಿದ ಕೂಡಲೇ ಕಣ್ಣು ಮುಂದಿನದಕ್ಕೆ ಹೋಗುತ್ತಿತ್ತು, ಹೋದ ತಿಂಗಳು ಹಾಕಿಸಿದ್ದು ಮಾಮೂಲಿ ಆಗಿಬಿಡುತ್ತಿತ್ತು. ಆ 31 ಸಾವಿರದಲ್ಲಿ ಐದು ತಿಂಗಳ ಇಎಂಐ ಕಟ್ಟಬಹುದಿತ್ತು.

ಆಮೇಲೆ ಕೃತಜ್ಞತೆಯ ಡೈರಿ. ಮೂರು ವಾರ ದಿನಾ ಬರೆದೆ. ಎರಡನೇ ವಾರದಿಂದ ಒಂದೇ ಸಾಲು ತಿರುಗಿ ಬರುತ್ತಿತ್ತು, ಅಂಕ ಒಂದಿಷ್ಟೂ ಅಲ್ಲಾಡಲಿಲ್ಲ. ಮನೋವಿಜ್ಞಾನಿ ಸೋಂಜಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗದಲ್ಲಿ ವಾರಕ್ಕೆ ಒಂದು ಸಲ ಬರೆದವರಿಗೆ ಉಪಯೋಗ ಆಯಿತು, ಮೂರು ಸಲ ಬರೆದವರಿಗೆ ಆಗಲಿಲ್ಲ. ಇದು ಓದಿದ ದಿನ ನನಗೆ ತಲೆಯಲ್ಲಿ ದೀಪ ಹತ್ತಿತು. ಔಷಧಿಯೇ ದಿನಾ ಒಂದೇ ಥರ ಬಂದರೆ ಮನಸ್ಸು ಅದಕ್ಕೂ ಒಗ್ಗುತ್ತದೆ. ಹಾಗಾದರೆ ತಡೆಯಬೇಕಾದದ್ದು ಆ ದಿನನಿತ್ಯದ ಒಂದೇ ಥರವನ್ನು.

ಅಲ್ಲಿಂದ ಗ್ಯಾಪ್ ಕೊಡುವ ಯೋಚನೆ. ಕ್ವಾಡ್‌ಬಾಕ್ ಮತ್ತು ಡನ್ ಅನ್ನುವ ಮನೋವಿಜ್ಞಾನಿಗಳ 2013ರ ಪ್ರಯೋಗದಲ್ಲಿ ಒಂದು ವಾರ ಚಾಕೊಲೇಟ್ ಬಿಟ್ಟವರು ಮತ್ತೆ ತಿಂದಾಗ, ಬೇಕಾದಷ್ಟು ತಿಂದವರಿಗಿಂತ ಜಾಸ್ತಿ ರುಚಿ ಕಂಡರು. ಚಾಕೊಲೇಟಿಗೆ ಆಗೋದು 2.4 ಲಕ್ಷದ ಗಾಡಿಗೆ ಆಗುತ್ತಾ ಅಂತ ನನ್ನ ಗೆಳೆಯರು ಕೇಳಿದರು. ಆಗುತ್ತದೆ, ಆದರೆ ಎಷ್ಟು ದಿನ ಬಿಡಬೇಕು ಅನ್ನೋದರಲ್ಲಿ ನಾನು ನಾಲ್ಕು ತಿಂಗಳು ಹಾಳು ಮಾಡಿದೆ.

ಮೊದಲು ಪ್ರತಿ ಭಾನುವಾರ ಬೈಕು ಮುಟ್ಟಬಾರದು ಅಂತ ಇಟ್ಟುಕೊಂಡೆ. ಉಪಯೋಗ ಆಗಲಿಲ್ಲ. ಒಂದು ದಿನಕ್ಕೆ ಮನಸ್ಸು ಏನನ್ನೂ ಮರೆಯೋದಿಲ್ಲ, ಮೇಲಾಗಿ ಭಾನುವಾರ ಅಂತ ಗೊತ್ತಿರುವ ಬಿಡುವೂ ರೂಢಿಯಾಗುತ್ತದೆ. ಆಮೇಲೆ ಹತ್ತು ದಿನ ಭಾವನಿಗೆ ಕೊಟ್ಟೆ. ವಾಪಸ್ ತಂದ ದಿನ ಓಡಾಟಕ್ಕೆ 8 ಬರೆದೆ! ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಅದೇ ದಾರಿ, ಅದೇ ಹಂಪುಗಳು. ಗೇರ್ ಹಾಕಿದಾಗಿನ ಆ ಸದ್ದು ಮತ್ತೆ ಕೇಳಿಸಿತು. ತಿಂಗಳುಗಟ್ಟಲೆ ಕೇಳಿಸಿರಲೇ ಇಲ್ಲ. ಆ 8 ಇಳಿದು 6ಕ್ಕೆ ಬರಲು ಐದು ವಾರ ಹಿಡಿಯಿತು. ಸೀಟಿನ ಒಂಬತ್ತು ದಿನ ಎಲ್ಲಿ, ಇದು ಎಲ್ಲಿ. ಖರ್ಚು ಬಸ್ ಟಿಕೆಟು ಮಾತ್ರ.

ಹತ್ತು ದಿನಕ್ಕೆ ಇಷ್ಟು ಬಂದರೆ ಮೂರು ವಾರಕ್ಕೆ ಇನ್ನೂ ಜಾಸ್ತಿ ಬರಬೇಕು ಅಂತ ಅದನ್ನೂ ನೋಡಿದೆ. ಬರಲಿಲ್ಲ. ವಾಪಸ್ ಬಂದಾಗ ಅದೇ 8. ಅಷ್ಟರಲ್ಲಿ ಬಸ್ಸಿಗೆ ಒಗ್ಗಿಹೋಗಿದ್ದೆ, ಕಿಟಕಿ ಸೀಟು ಹಿತವಾಗಿತ್ತು. ಹನ್ನೊಂದು ದಿನ ಸುಮ್ನೆ ಹೋಯಿತು. ಮೂರನೇ ಸಲ ಮತ್ತೆ ಹತ್ತು ದಿನ ಬಿಟ್ಟಾಗ ಅಂಕ 7 ಬಂತು. ಅಂದರೆ ಗ್ಯಾಪಿನ ಬಲವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ.

ಅದಕ್ಕೆ ನಿಜವಾದ ಪರಿಹಾರ ಗ್ಯಾಪಿಗಿಂತ ದೊಡ್ಡದು. ಬೈಕನ್ನು ದಿನದ ಕೆಲಸದ ದಾರಿಯಿಂದಲೇ ತೆಗೆದೆ. ಹಳೆ ಸ್ಕೂಟರನ್ನು ಎಕ್ಸ್‌ಚೇಂಜಿಗೆ ಕೊಡದೆ ಇಟ್ಟುಕೊಂಡಿದ್ದು ಇಲ್ಲಿ ಕೈ ಹಿಡಿಯಿತು. ಅದಕ್ಕೆ 18 ಸಾವಿರ ಕೊಡುತ್ತೇವೆ ಅಂದಿದ್ದರು, ಬಿಟ್ಟೆ ಅಂತ ಆಗ ಮನೆಯಲ್ಲಿ ಬೈಸಿಕೊಂಡಿದ್ದೆ. ಈಗ ಫ್ಯಾಕ್ಟರಿಗೆ ಸ್ಕೂಟರು. ಬೈಕು ಚಾಮುಂಡಿ ಬೆಟ್ಟಕ್ಕೆ, ಮೇಲುಕೋಟೆಗೆ, ಅಮ್ಮನ ಊರಿಗೆ, ಅದೂ ಯಾವ ದಿನ ಅಂತ ಮೊದಲೇ ನಿಗದಿ ಇಲ್ಲದೆ. ಹೀಗೆ ಮಾಡಿ ಏಳು ತಿಂಗಳಾಯಿತು, ಅಂಕ 7ರಿಂದ 8ರ ನಡುವೆಯೇ ಇದೆ. ನನಗೆ ಗೊತ್ತಿರುವವರಲ್ಲಿ ಹೊಸ ವಸ್ತುವಿನ ಅಂಕವನ್ನು ಇಷ್ಟು ದಿನ ಹಿಡಿದಿಟ್ಟವರು ಇನ್ನೊಬ್ಬರಿಲ್ಲ. ಗ್ಯಾಪ್ ಮುಗಿದ ಮೊದಲ ಸವಾರಿಯನ್ನು ನಾನು ಹೇಗೆ ಮಾಡುತ್ತೇನೆ ಅನ್ನೋದರಲ್ಲೂ ಒಂದು ಗುಟ್ಟಿದೆ. ಅದನ್ನು ಇನ್ನೂ ಪರೀಕ್ಷಿಸುತ್ತಿದ್ದೇನೆ, ಇಲ್ಲಿ ಬರೆಯೋದಿಲ್ಲ.

ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಗ್ಯಾಪ್ ಒಳ್ಳೆಯದನ್ನು ಹೊಸದು ಮಾಡುತ್ತದೆ ಅಂದರೆ ಕೆಟ್ಟದ್ದನ್ನೂ ಮಾಡಬೇಕಲ್ವಾ? ನೆಲ್ಸನ್ ಮತ್ತು ಮೇವಿಸ್ ಅನ್ನುವ ಸಂಶೋಧಕರು 2008ರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಸದ್ದು ಕೇಳಿಸಿ ನೋಡಿದ್ದರು, ನಡುವೆ ಬಿಡುವು ಕೊಟ್ಟವರಿಗೆ ಸದ್ದು ಇನ್ನೂ ಕಿರಿಕಿರಿಯಾಯಿತು. ನನಗೆ ತಿಂಗಳ ಕೊನೆಯ ಸ್ಟಾಕ್ ಎಣಿಕೆ ಅಂದರೆ ಆಗೋದಿಲ್ಲ. ಮೊದಲು ಟೀ ಕುಡಿದು ಕುಡಿದು ಐದು ಸಲ ಬಿಟ್ಟು ಮಾಡುತ್ತಿದ್ದೆ, ಪ್ರತಿ ಸಲ ವಾಪಸ್ ಹೋಗೋದೇ ಹಿಂಸೆ. ಈಗ ಬೆಳಿಗ್ಗೆಯಿಂದ ಊಟದವರೆಗೆ ಏಳದೆ ಮುಗಿಸುತ್ತೇನೆ. ಮುಕ್ಕಾಲು ಗಂಟೆ ಆದ ಮೇಲೆ ಅಷ್ಟೇನೂ ಅನ್ನಿಸೋದಿಲ್ಲ, ಒಗ್ಗಿಹೋಗಿರುತ್ತೇನೆ.

ಇನ್ನು ಪ್ರಮೋಷನ್. ಬೈಕು ಬಂದ ವರ್ಷವೇ ಕ್ವಾಲಿಟಿ ಇನ್‌ಸ್ಪೆಕ್ಟರಿನಿಂದ ಶಿಫ್ಟ್ ಇನ್‌ಚಾರ್ಜ್ ಆದೆ. ಕೈಗೆ ಬರುವ ಸಂಬಳ 41 ಸಾವಿರದಿಂದ 52ರ ಹತ್ತಿರ ಆಯಿತು. ಇದಕ್ಕೂ ಎರಡು ಕಾಲಂ ಹಾಕಿದೆ, ಹುದ್ದೆ ಹೇಗಿದೆ, ಇವತ್ತಿನ ಕೆಲಸ ಹೇಗಿತ್ತು. ನಾಲ್ಕು ತಿಂಗಳಿಗೆ ಹುದ್ದೆ 8, ಕೆಲಸ 5. ಸಂಬಳದ ಖುಷಿ ಅದಕ್ಕಿಂತ ಬೇಗ ಹೋಯಿತು, ಎರಡನೇ ಪೇ ಸ್ಲಿಪ್ಪಿನ ಹೊತ್ತಿಗೆ 52 ನನ್ನ ಸಹಜ ಸಂಬಳ ಅನ್ನಿಸಲು ಶುರುವಾಗಿತ್ತು. ಹುದ್ದೆಯನ್ನು ಭಾವನಿಗೆ ಕೊಡೋಕಾಗಲ್ಲ. ಮ್ಯಾನೇಜರ್ ಹತ್ತಿರ ಹೋಗಿ, ವಾರಕ್ಕೊಂದು ದಿನ ರಿಪೋರ್ಟು ಬಿಟ್ಟು ಹೊಸ ಹುಡುಗರಿಗೆ ಅಳತೆಯ ಗೇಜ್ ಹಿಡಿಯೋದು ಕಲಿಸ್ತೀನಿ ಸರ್ ಅಂದೆ. "ಇನ್‌ಚಾರ್ಜ್ ಆದ ಮೇಲೆ ಮತ್ತೆ ಮೈಕ್ರೋಮೀಟರ್ ಹಿಡೀತೀರಾ?" ಅಂತ ಕೇಳಿದರು, ಒಂದು ತಿಂಗಳು ನೋಡೋಣ ಅಂದರು. ಹುಡುಗರು ಬದಲಾಗುತ್ತಾರೆ, ತಪ್ಪುಗಳು ಬದಲಾಗುತ್ತವೆ, ಎರಡು ದಿನ ಒಂದೇ ಥರ ಇರೋದಿಲ್ಲ. ಕೆಲಸದ ಅಂಕ 7ಕ್ಕೆ ಬಂದು ಅಲ್ಲೇ ನಿಂತಿತು. ಮ್ಯಾನೇಜರ್ ಒಂದು ತಿಂಗಳು ಅಂದದ್ದು ಈಗಲೂ ನಡೆಯುತ್ತಿದೆ, ನನ್ನ ಲೈನಿನಲ್ಲಿ ರಿಜೆಕ್ಷನ್ನೂ ಇಳಿದಿದೆ.

ಒಂದು ಕಡೆ ಮಾತ್ರ ಸೋತೆ. ಇನ್ನೊಬ್ಬ ಇನ್‌ಚಾರ್ಜಿಗೆ ನನಗಿಂತ ನಾಲ್ಕು ಸಾವಿರ ಜಾಸ್ತಿ ಅಂತ ಒಂದು ದಿನ ಕ್ಯಾಂಟೀನಿನಲ್ಲಿ ಗೊತ್ತಾಯಿತು. ಹುದ್ದೆಯ ಅಂಕ ಒಂದೇ ರಾತ್ರಿಗೆ 8ರಿಂದ 4. ಗ್ಯಾಪು, ಬದಲಾವಣೆ ಯಾವುದೂ ಅದಕ್ಕೆ ನಾಟಲಿಲ್ಲ. ಇದು ಒಗ್ಗಿಹೋಗುವ ತೊಂದರೆಯೇ ಅಲ್ಲ, ಹೋಲಿಕೆಯ ತೊಂದರೆ, ಎರಡನ್ನೂ ಒಂದೇ ಅಂತ ಅಂದುಕೊಂಡರೆ ತಪ್ಪು ಔಷಧಿ ಕೊಡುತ್ತೀರಿ. ಗುರುತು ಸುಲಭ. ಒಗ್ಗಿಹೋಗೋದು ವಾರಗಟ್ಟಲೆ ಜಾರುತ್ತಾ ಇಳಿಯುತ್ತದೆ, ಹೋಲಿಕೆ ಒಂದೇ ಏಟಿಗೆ ಬೀಳಿಸುತ್ತದೆ. ನನಗೆ 6ಕ್ಕೆ ವಾಪಸ್ ಬರಲು ಒಂದೂವರೆ ತಿಂಗಳು ಬೇಕಾಯಿತು, ಅದೂ ತಾನಾಗಿಯೇ.

ಭಾವ ಹೋದ ದೀಪಾವಳಿಗೆ ಕಾರು ತಗೊಂಡಿದ್ದಾರೆ. ಹೋದ ವಾರ ಮನೆಗೆ ಬಂದು ಕೀ ಟೇಬಲ್ ಮೇಲಿಟ್ಟು, "ಹತ್ತು ದಿನ ನೀನೇ ಇಟ್ಕೋ" ಅಂದರು. ನೋಟ್‌ಬುಕ್ಕಿನಲ್ಲಿ ಅವರಿಗೂ ಎರಡು ಕಾಲಂ ಎಳೆದು ಕೊಟ್ಟಿದ್ದೇನೆ.