ಕ್ರೆಡಿಟ್ ಲೆಕ್ಕ ಹಿಡಿದು ಸೆಮಿಸ್ಟರ್ ಸರಾಸರಿ ತೆಗೆಯುವುದು ಹೇಗೆ?

ಐದು ವಿಷಯಗಳ ಅಂಕ ಕೂಡಿಸಿ ಐದರಿಂದ ಭಾಗಿಸಿದರೆ ಬರುವುದು ಬರೀ ಸರಾಸರಿ. ಅದರಲ್ಲಿ ನಾಲ್ಕು ಕ್ರೆಡಿಟ್ಟಿನ ಗಣಿತಕ್ಕೂ ಒಂದು ಕ್ರೆಡಿಟ್ಟಿನ ಲ್ಯಾಬಿಗೂ ಒಂದೇ ತೂಕ. ಕ್ರೆಡಿಟ್ ಪ್ರಕಾರ ತೂಗಿದರೆ ಉತ್ತರ ಬೇರೆಯೇ ಆಗುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬಳ ಅಂಕಗಳು ಹೀಗಿವೆ ಎಂದುಕೊಳ್ಳಿ: ಗಣಿತ 58 (4 ಕ್ರೆಡಿಟ್), ಡೇಟಾ ಸ್ಟ್ರಕ್ಚರ್ಸ್ 66 (4), ಡಿಜಿಟಲ್ ಎಲೆಕ್ಟ್ರಾನಿಕ್ಸ್ 71 (3), ಸಂವಿಧಾನ 86 (1). ಲ್ಯಾಬಿನಲ್ಲಿ 50ಕ್ಕೆ 47 (1).

ಮೊದಲು ಎಲ್ಲವನ್ನೂ ನೂರಕ್ಕೆ ತನ್ನಿ. 47 ಅನ್ನು 50ರಿಂದ ಭಾಗಿಸಿ 100ರಿಂದ ಗುಣಿಸಿದರೆ ಲ್ಯಾಬಿನ ಅಂಕ 94. ಹೆಚ್ಚಿನವರು ಎಡವುವುದು ಇಲ್ಲೇ. 47 ಅನ್ನೇ ಹಾಕಿಬಿಟ್ಟರೆ ಕೊನೆಯ ಉತ್ತರ 64.77 ಬರುತ್ತದೆ. ಅದು ನಂಬುವಂತೆಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಪ್ರತಿ ಅಂಕವನ್ನೂ ಅದರ ಕ್ರೆಡಿಟ್ಟಿನಿಂದ ಗುಣಿಸಿ: 232, 264, 213, 86, 94. ಒಟ್ಟು 889. ಇದನ್ನು ವಿಷಯಗಳ ಸಂಖ್ಯೆಯಿಂದಲ್ಲ, ಒಟ್ಟು ಕ್ರೆಡಿಟ್ 13ರಿಂದ ಭಾಗಿಸಬೇಕು. ಉತ್ತರ 68.38. ಬರೀ ಸರಾಸರಿ ತೆಗೆದಿದ್ದರೆ 75 ಬರುತ್ತಿತ್ತು. ಲ್ಯಾಬ್ ಮತ್ತು ಸಂವಿಧಾನದ ದೊಡ್ಡ ಅಂಕಗಳು ಅದನ್ನು ಮೇಲಕ್ಕೆ ಎಳೆದಿದ್ದವು. ಸೊನ್ನೆ ಕ್ರೆಡಿಟ್ಟಿನ ವಿಷಯವಿದ್ದರೆ ಅದು ಲೆಕ್ಕಕ್ಕೆ ಬರುವುದೇ ಇಲ್ಲ.

ಎಕ್ಸೆಲ್‌ನಲ್ಲಾದರೆ ಅಂಕಗಳನ್ನು ಬಿ ಕಾಲಮ್ಮಿನಲ್ಲಿ, ಕ್ರೆಡಿಟ್‌ಗಳನ್ನು ಸಿ ಕಾಲಮ್ಮಿನಲ್ಲಿ ತುಂಬಿ:

```
=SUMPRODUCT(B2:B6,C2:C6)/SUM(C2:C6)
```

ಕೈಲೆಕ್ಕವನ್ನು ತಾಳೆ ನೋಡಲು ಒಂದು ಉಪಾಯವಿದೆ. ನಡುವಿನದೊಂದು ಅಂಕ, ಇಲ್ಲಿ 66 ಇಟ್ಟುಕೊಂಡು ಪ್ರತಿ ವಿಷಯ ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ನೋಡಿ. ಗಣಿತ 8 ಕಡಿಮೆ, ನಾಲ್ಕು ಪಟ್ಟು ಅಂದರೆ 32 ನಷ್ಟ. ಎಲೆಕ್ಟ್ರಾನಿಕ್ಸ್‌ನಿಂದ 15, ಸಂವಿಧಾನದಿಂದ 20, ಲ್ಯಾಬಿನಿಂದ 28 ಲಾಭ. ಉಳಿಯುವುದು 31. ಅದನ್ನು 13ರಿಂದ ಭಾಗಿಸಿದರೆ 2.38, 66ಕ್ಕೆ ಸೇರಿಸಿದರೆ ಮತ್ತೆ ಅದೇ 68.38. ಸಣ್ಣ ಸಂಖ್ಯೆಗಳಾದ್ದರಿಂದ ತಪ್ಪುವುದೂ ಕಡಿಮೆ.

ಎಸ್‌ಜಿಪಿಎ ಬೇಕಿದ್ದರೆ 68.38 ಅನ್ನು ಹತ್ತರಿಂದ ಭಾಗಿಸಬೇಡಿ. ನಿಮ್ಮ ವಿಶ್ವವಿದ್ಯಾಲಯದ ಪಟ್ಟಿಯಂತೆ ಪ್ರತಿ ವಿಷಯದ ಅಂಕವನ್ನು ಮೊದಲು ಗ್ರೇಡ್ ಪಾಯಿಂಟ್‌ಗೆ ಬದಲಿಸಿ, ಬಳಿಕ ಇದೇ ರೀತಿ ಗುಣಿಸಿ ಭಾಗಿಸಿ. ಫೇಲಾದ ವಿಷಯದ ಪಾಯಿಂಟ್ ಸೊನ್ನೆಯಾದರೂ ಎಸ್‌ಜಿಪಿಎ ಲೆಕ್ಕದಲ್ಲಿ ಅದರ ಕ್ರೆಡಿಟ್ ಸಾಮಾನ್ಯವಾಗಿ ಭಾಜಕದಲ್ಲಿ ಉಳಿಯುತ್ತದೆ.

ಎರಡು ಸೆಮಿಸ್ಟರ್ ಕೂಡಿಸುವಾಗಲೂ ಸರಾಸರಿಗಳ ಸರಾಸರಿ ತೆಗೆಯಬಾರದು. ಮುಂದಿನ ಸೆಮಿಸ್ಟರ್ 20 ಕ್ರೆಡಿಟ್ಟಿಗೆ 74 ಎಂದಿದ್ದರೆ ಅದರ ಮೊತ್ತ 1480. ಅದಕ್ಕೆ 889 ಸೇರಿಸಿ 33ರಿಂದ ಭಾಗಿಸಿದರೆ 71.79, ಸುಮ್ಮನೆ ಅರ್ಧ ಮಾಡಿದರೆ 71.19 ಅಷ್ಟೇ.