ಶಾಸನದಲ್ಲಿ ಅರಸನ ಹೆಸರು ಕಂಡೊಡನೆ ಅವನೇ ದಾನಿ ಎಂದು ಬರೆಯಬೇಡಿ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಪ್ರಬಂಧ ಬರೆಯಹೊರಟವರು ಸುಲಭವಾಗಿ ಬರೆದುಬಿಡುವ ವಾಕ್ಯವೊಂದಿದೆ: "ಆರನೆಯ ವಿಕ್ರಮಾದಿತ್ಯನು ಈ ದೇವಾಲಯವನ್ನು ಕಟ್ಟಿಸಿದನು." ಅಲ್ಲಿನ 1112ರ ಶಾಸನ ಹೇಳುವುದೇ ಬೇರೆ. ಕಟ್ಟಿಸಿದವನು ಆ ಕಲ್ಯಾಣದ ಚಾಲುಕ್ಯ ಅರಸನ ದಂಡನಾಯಕ ಮಹಾದೇವ. ರಾಜಾಶ್ರಯದ ಬಗೆಗಿನ ಪ್ರಬಂಧದಲ್ಲಿ ಇದು ಸಣ್ಣ ತಪ್ಪಲ್ಲ, ವಾದದ ಬುಡವೇ ಅಲುಗಾಡುತ್ತದೆ.

ಈ ತಪ್ಪು ಆಗದಿರಬೇಕಾದರೆ ಮೊದಲು ಶಾಸನದ ಪಾಠವನ್ನೇ ಹಿಡಿದು ಕೂರಬೇಕು. ಎಪಿಗ್ರಾಫಿಯಾ ಕರ್ನಾಟಿಕಾ, ಎಪಿಗ್ರಾಫಿಯಾ ಇಂಡಿಕಾದಂತಹ ಸಂಪುಟಗಳಲ್ಲಿ ಪಾಠ ಸಾಲು ಸಾಲಾಗಿ ಅಚ್ಚಾಗಿರುತ್ತದೆ. ಸಾರಾಂಶವನ್ನಷ್ಟೇ ಓದಿದರೆ ಯಾರು, ಯಾರಿಗೆ, ಯಾವ ಮಾತಿನಲ್ಲಿ ಕೊಟ್ಟರು ಎಂಬುದು ಜಾರಿಹೋಗುತ್ತದೆ. ಅಚ್ಚಿನ ಪಾಠದಲ್ಲಿ ಆವರಣ ಚಿಹ್ನೆಯೊಳಗಿನ ಅಕ್ಷರಗಳನ್ನೂ ಗಮನಿಸಿ. ಅವು ಸಾಮಾನ್ಯವಾಗಿ ಕಲ್ಲು ಸವೆದ ಕಡೆ ಸಂಪಾದಕರು ಊಹಿಸಿ ತುಂಬಿದವು. ನಿಮ್ಮ ವಾದ ಅಂಥ ಅಕ್ಷರಗಳ ಮೇಲೆಯೇ ನಿಂತಿದ್ದರೆ ಪ್ರಬಂಧದಲ್ಲಿ ಅದನ್ನು ಹೇಳಬೇಕು.

ಆಮೇಲೆ ಪೆನ್ಸಿಲ್ ಹಿಡಿದು ಪಾಠವನ್ನು ತುಂಡು ಮಾಡಿ. ಕಲ್ಯಾಣದ ಚಾಲುಕ್ಯರ ದಾನಶಾಸನಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. "ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ" ಎಂದು ಬಿರುದುಗಳು ಸಾಲುಗಟ್ಟುತ್ತವೆ, "ತ್ರಿಭುವನಮಲ್ಲದೇವ" ಎಂದು ವಿಕ್ರಮಾದಿತ್ಯನ ಹೆಸರು ಬರುತ್ತದೆ, ಅವನ ವಿಜಯರಾಜ್ಯ ನಡೆಯುತ್ತಿರಲು ಎಂಬಲ್ಲಿಗೆ ಆ ಭಾಗ ಮುಗಿಯುತ್ತದೆ. ಇಷ್ಟರಲ್ಲಿ ಅರಸ ಏನನ್ನೂ ಕೊಟ್ಟಿಲ್ಲ. ಇದು ಕಾಲವನ್ನೂ ಅಧಿಕಾರವನ್ನೂ ಸೂಚಿಸುವ ಪೀಠಿಕೆ. "ತತ್ಪಾದಪದ್ಮೋಪಜೀವಿ", ಅಂದರೆ "ಅವನ ಪಾದಪದ್ಮವನ್ನು ಆಶ್ರಯಿಸಿ ಬದುಕುವವನು" ಎಂಬ ಪದ ಸಿಕ್ಕರೆ ಅಲ್ಲೊಂದು ಗೆರೆ ಎಳೆಯಿರಿ. ಅರಸನಿಂದ ಅಧೀನ ಅಧಿಕಾರಿಯ ಕಡೆಗೆ ಮಾತು ತಿರುಗುವುದು ಅಲ್ಲಿಯೇ, ನಿಜವಾದ ದಾನಿಯ ಹೆಸರು ಸಾಮಾನ್ಯವಾಗಿ ಅದರ ಆಚೆಗಿರುತ್ತದೆ. ಹಾಗೆಂದು ಅರಸನನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಅಧಿಕಾರಿ ಬಿನ್ನಪ ಮಾಡಿ ಅರಸನಿಂದ ಭೂಮಿ ಪಡೆದನೇ, ಸುಂಕವನ್ನು ಬಿಟ್ಟವರು ಯಾರು ಎಂದು ಕ್ರಿಯಾಪದಗಳನ್ನು ಹಿಡಿದು ಹುಡುಕಬೇಕು. "ರಾಜಾಶ್ರಯ" ಎಂಬ ಪದವನ್ನು ಬಳಸುವ ಹಕ್ಕು ಅಲ್ಲಿ ಸಿಗುತ್ತದೆ.

ಕಾಲವನ್ನು ನೀವೇ ಲೆಕ್ಕ ಹಾಕಿ. ವಿಕ್ರಮಾದಿತ್ಯ ಶಕವರ್ಷದ ಬದಲು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಬಳಕೆಗೆ ತಂದ. ಅದರ ಮೊದಲ ವರ್ಷ 1076-77. ಹಾಗಾಗಿ 37ನೆಯ ವರ್ಷಕ್ಕೆ 1075 ಕೂಡಿಸಿದರೆ 1112 ಬರುತ್ತದೆ. ಸಂವತ್ಸರದ ಹೆಸರಿನಿಂದ ತಾಳೆ ನೋಡಿ: ಮೊದಲ ವರ್ಷ ನಳ, 36 ವರ್ಷ ಮುಂದೆ ಎಣಿಸಿದರೆ ನಂದನ. ಎರಡೂ ಹೊಂದದಿದ್ದರೆ ಓದಿನಲ್ಲೋ ಕಲ್ಲಿನಲ್ಲೋ ದೋಷವಿದೆ ಎಂದು ಅನುಮಾನಿಸಬೇಕು.

ಇನ್ನು ದಾನದ ಭಾಗ. ಪ್ರಬಂಧದ ಜೀವ ಇರುವುದು ಇಲ್ಲಿ. ನಾಲ್ಕು ಪ್ರಶ್ನೆ ಕೇಳಿ: ಕೊಟ್ಟದ್ದು ಏನು, ಪಡೆದವರು ಯಾರು, ಯಾವ ಖರ್ಚಿಗೆ, ಯಾವ ತೆರಿಗೆ ಬಿಟ್ಟು. ಅಂಗಭೋಗ, ರಂಗಭೋಗ ಎಂದಿದ್ದರೆ ಪೂಜೆ, ಅಲಂಕಾರ, ನೃತ್ಯ ಸಂಗೀತಗಳ ವೆಚ್ಚ. ಖಂಡಸ್ಫುಟಿತ ಜೀರ್ಣೋದ್ಧಾರ ಎಂದರೆ ಬಿರುಕು ಬಿಟ್ಟದ್ದರ ದುರಸ್ತಿ. ತಪೋಧನರ ಆಹಾರ, ವಿದ್ಯಾದಾನ ಎಂದಿದ್ದರೆ ದೇವಾಲಯದ ಜೊತೆಗೆ ಮಠವೂ ಪಾಠಶಾಲೆಯೂ ಆ ಭೂಮಿಯಿಂದಲೇ ಬದುಕುತ್ತಿದ್ದವು ಎಂದರ್ಥ. ಭೂಮಿಯ ಅಳತೆಯಲ್ಲಿ ಎಚ್ಚರ ಬೇಕು. ಮತ್ತರು, ಕಮ್ಮ ಎಂಬ ಅಳತೆಗಳು ಊರೂರಿಗೆ ಬೇರೆಯಾಗುತ್ತಿದ್ದವು, ಎಷ್ಟೋ ಶಾಸನಗಳು ಯಾವ ಕೋಲಿನಲ್ಲಿ ಅಳೆದದ್ದು ಎಂದೂ ಹೇಳುತ್ತವೆ. ಮತ್ತರನ್ನು ಎಕರೆಗೆ ತಿರುಗಿಸಿ ಎರಡು ಊರುಗಳ ದಾನಗಳನ್ನು ಹೋಲಿಸಿದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಕೊನೆಯ ಶಾಪಶ್ಲೋಕದ ಮೇಲೆ ವಾದ ಕಟ್ಟಬೇಡಿ. ದತ್ತಿಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ "ಸ್ವದತ್ತಾಂ ಪರದತ್ತಾಂ ವಾ" ಶ್ಲೋಕ ಅಸಂಖ್ಯ ಶಾಸನಗಳಲ್ಲಿದೆ. ಅದರಿಂದ ಈ ದಾನಿಯ ಮನಸ್ಸು ತಿಳಿಯುವುದಿಲ್ಲ. ಮಹಾದೇವನ ಮನಸ್ಸು ತಿಳಿಯಬೇಕಿದ್ದರೆ ಇಟಗಿಯ ಆವರಣ ನೋಡಿ: ತಂದೆ ಮೂರ್ತಿನಾರಾಯಣ, ತಾಯಿ ಚಂದ್ರಲೇಶ್ವರಿಯ ಹೆಸರಿನಲ್ಲೂ ಅಲ್ಲಿ ಗುಡಿಗಳಿವೆ. ಹಾಗಾಗಿ ನಿಮ್ಮ ವಾಕ್ಯ ಹೀಗಿರಲಿ: "ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅವನ ದಂಡನಾಯಕ ಮಹಾದೇವ ಕಟ್ಟಿಸಿದ ಈ ದೇವಾಲಯದಲ್ಲಿ ಅರಮನೆಯ ಸೇವೆಯಿಂದ ಬಂದ ಸ್ಥಾನಮಾನವೂ ಮನೆತನದ ಪುಣ್ಯವೂ ಕೂಡಿವೆ."

ಶಾಸನ ದಾನದ ದಿನದ ಸಾಕ್ಷಿಯೇ ಹೊರತು ಮುಂದಿನ ನೂರು ವರ್ಷದ್ದಲ್ಲ. ಭೂಮಿ ದೇವಾಲಯದ ಕೈಯಲ್ಲಿ ಉಳಿಯಿತೇ ಎಂದು ತಿಳಿಯಲು ಅದೇ ಊರಿನ ನಂತರದ ಶಾಸನಗಳಲ್ಲಿ ಹಳೆಯ ದತ್ತಿಯನ್ನು ನವೀಕರಿಸಿದ ಮಾತಿದೆಯೇ ನೋಡಿ. ಸಾಧ್ಯವಾದರೆ ಹೊಲಗಳ ಬದುವಿನಲ್ಲೂ ಕಣ್ಣಾಡಿಸಿ. ಶೈವ ದತ್ತಿಗಳ ಗಡಿಗೆ ನೆಡುತ್ತಿದ್ದ ಲಿಂಗಮುದ್ರೆಯ ಕಲ್ಲು ಸಿಕ್ಕರೆ ಅದರ ಫೋಟೊ, ಜಾಗದ ಗುರುತು ಎರಡನ್ನೂ ಪ್ರಬಂಧಕ್ಕೆ ಸೇರಿಸಿ.